ಅವ್ವನ ಕೈಲಿ ಶೂನ್ಯ ಟಿಕೆಟ್ ಇತ್ತು, ಶೂನ್ಯ ಎಫ್‌ಐಆರ್ ಮಾತ್ರ ಸಿಗಲಿಲ್ಲ

ಇವರಿಗೆ,
ಮಾನ್ಯ ಪೊಲೀಸ್ ಮಹಾನಿರೀಕ್ಷಕರು,
ಉತ್ತರ ವಲಯ, ಬೆಳಗಾವಿ

ವಿಷಯ: ಬಸ್ಸಿನಲ್ಲಿ ಆದ ಕಳ್ಳತನಕ್ಕೆ "ನಮ್ಮ ಹದ್ದಲ್ಲ" ಎಂದು ದೂರು ಬರೆದುಕೊಳ್ಳದೇ ಇರುವ ಬಗ್ಗೆ.

ಮಾನ್ಯರೇ,

ನಾನು ವಿಜಯಪುರದವನು. ಕೋರ್ಟಿನ ಹತ್ತಿರ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಹದಿನಾಲ್ಕು ವರ್ಷದಿಂದ ಜನರ ದೂರು, ಅಫಿಡವಿಟ್, ಅರ್ಜಿ ಟೈಪ್ ಮಾಡಿಕೊಡುವುದೇ ನನ್ನ ಕೆಲಸ. "ಮಾನ್ಯ ಪಿಎಸ್‌ಐ ಸಾಹೇಬರಿಗೆ" ಎಂಬ ಸಾಲನ್ನು ಕಣ್ಣು ಮುಚ್ಚಿ ಹೊಡೆಯುತ್ತೇನೆ. ಅಂಥ ನನಗೇ ನಮ್ಮ ಅವ್ವನ ಒಂದು ದೂರನ್ನು ಠಾಣೆಯ ಪುಸ್ತಕಕ್ಕೆ ಏರಿಸಲು ಹದಿನಾರು ದಿನ ಹಿಡಿಯಿತು. ಟೈಪಿಂಗ್ ಬಾರದವರ, ಕೋರ್ಟ್ ಕಟ್ಟೆ ಹತ್ತದವರ ಗತಿ ಏನು ಅಂತ ಯೋಚನೆ ಬಂದಿದ್ದರಿಂದ ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಠಾಣೆಗಳ ಹೆಸರು ಇಲ್ಲಿ ಹಾಕುವುದಿಲ್ಲ. ಅವು ನಾನು ಕೊಟ್ಟ ದೂರಿನಲ್ಲಿವೆ, ತಾವು ಬೇಕೆಂದಾಗ ತರಿಸಿ ನೋಡಬಹುದು.

ನಡೆದದ್ದು ಇಷ್ಟು. ಅವ್ವ ತಮ್ಮ ತಂಗಿಯ ಮನೆಗೆಂದು ವಿಜಯಪುರದಿಂದ ಬೆಳಗಾವಿಗೆ ಸರ್ಕಾರಿ ಬಸ್ಸಿನಲ್ಲಿ ಹೊರಟಿದ್ದರು. ಜಮಖಂಡಿ, ಮುಧೋಳ, ಲೋಕಾಪುರ, ಯರಗಟ್ಟಿ ಮೇಲೆ ಹೋಗುವ ಬಸ್ಸು. ಕೈಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಎರಡೂವರೆ ತೊಲದ ಬಂಗಾರದ ಬೋರಮಾಳ ಸರವನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ, ರೊಟ್ಟಿ ಡಬ್ಬಿಯ ಕೆಳಗೆ, ಬ್ಯಾಗಿನ ತಳದಲ್ಲಿ ಇಟ್ಟಿದ್ದರು. ಜಮಖಂಡಿಯಲ್ಲಿ ಚಹಾಕ್ಕೆ ಚಿಲ್ಲರೆ ತೆಗೆಯುವಾಗ ಗಂಟು ಕೈಗೆ ತಾಗಿದ್ದು ನೆನಪಿದೆ. ಯರಗಟ್ಟಿ ಹತ್ತಿರ ಬಿಪಿ ಗುಳಿಗೆಗೆ ಕೈ ಹಾಕಿದಾಗ ಬೆರಳು ಬ್ಯಾಗಿನ ಹೊರಗೇ ಬಂತು. ಬ್ಯಾಗಿನ ಪಕ್ಕಕ್ಕೆ ಗೇಣುದ್ದ ಬ್ಲೇಡ್ ಹಾಕಿದ್ದರು. ರೊಟ್ಟಿ ಡಬ್ಬಿ ಇತ್ತು, ಗಂಟು ಇರಲಿಲ್ಲ.

ಕಂಡಕ್ಟರ್ ಒಳ್ಳೆಯ ಮನುಷ್ಯ. ಬಸ್ಸನ್ನು ಅಲ್ಲೇ ಠಾಣೆಗೆ ತಿರುಗಿಸೋಣವೇ ಎಂದು ಕೇಳಿದ್ದರು. ಉಳಿದವರಿಗೆ ತಡ ಆಗುತ್ತದೆ ಅಂತ ಅವ್ವನೇ ಬೇಡ ಎಂದರು. ಅದು ನಮ್ಮ ತಪ್ಪು. ಬಸ್ಸಿನಲ್ಲಿ ಕೂತೇ 112ಕ್ಕೆ ಫೋನ್ ಮಾಡಬೇಕಿತ್ತು. ಯಾವ ಹೊತ್ತಿಗೆ, ಎಲ್ಲಿಂದ ಹೇಳಿದೆವು ಅನ್ನುವುದಕ್ಕೆ ಆ ಕರೆಯೇ ಗುರುತಾಗುತ್ತಿತ್ತು.

ಬೆಳಗಾವಿಯಲ್ಲಿ ಇಳಿದ ಮೇಲೆ ಅವ್ವ ಚಿಕ್ಕಮ್ಮನ ಮಗನನ್ನು ಕರೆದುಕೊಂಡು ಒಂದು ಠಾಣೆಗೆ ಹೋದರು. ಅಲ್ಲಿನ ರೈಟರ್ ಎಲ್ಲ ಕೇಳಿಸಿಕೊಂಡು, "ಅವ್ವಾರ, ಇದು ನಮ್ ಹದ್ದಿನಾಗ ಆಗಿಲ್ಲ. ಎಲ್ಲಿ ಆಗೇತಿ ಅಲ್ಲೇ ಹೋಗ್ರಿ" ಎಂದರಂತೆ. ಎಲ್ಲಿ ಆಗಿದೆ ಅಂತ ಗೊತ್ತಿದ್ದರೆ ಕಳ್ಳನ ಕೈಯನ್ನೇ ಹಿಡಿಯುತ್ತಿದ್ದರಲ್ಲ! ಮರುದಿನ ನಾನೂ ಹೋದೆ. ದಾರಿಯ ನಡುವಿನ ಒಂದು ಠಾಣೆಗೆ ಹೋದರೆ, "ಬಸ್ಸು ನಮ್ಮೂರಾಗ ನಿಂತಿದ್ದು ಐದು ನಿಮಿಷ. ಹತ್ತಿದ ಊರಾಗ ಕೊಡ್ರಿ" ಎಂದರು. ಹತ್ತಿದ ಊರಿನ ಠಾಣೆಯಲ್ಲಿ ಕುರ್ಚಿ ಕೊಟ್ಟರು, ನೀರು ಕೊಟ್ಟರು. ಆಮೇಲೆ ಒಂದು ಬಿಳಿ ಹಾಳೆ ಕೊಟ್ಟು, "ಬೋರಮಾಳ ಪ್ರಯಾಣದಲ್ಲಿ ಕಳೆದುಹೋಗಿದೆ, ಹುಡುಕಿಕೊಡಿ ಅಂತ ಬರೀರಿ. ಇಲ್ಲಾಂದ್ರ ಪೊಲೀಸ್ ಆ್ಯಪಿನಾಗ ಇ-ಲಾಸ್ಟ್ ಹಾಕ್ರಿ, ಕೂಡ್ಲೇ ಸರ್ಟಿಫಿಕೇಟ್ ಬರ್ತದ" ಎಂದರು.

ಸಾಹೇಬರೇ, ಈ ಮೂರರಲ್ಲಿ ನನಗೆ ಜಾಸ್ತಿ ಭಯ ಆಗಿದ್ದು ಮೂರನೆಯದಕ್ಕೆ. ಮೊದಲ ಎರಡು ಕಡೆ ಬಾಗಿಲು ಮುಚ್ಚಿದರು, ಅದು ಕಣ್ಣಿಗೆ ಕಾಣುತ್ತದೆ. ಇಲ್ಲಿ ನಗುನಗುತ್ತ ತಪ್ಪು ಬಾಗಿಲು ತೋರಿಸಿದರು. ಇ-ಲಾಸ್ಟ್ ಇರುವುದು ಕಳೆದುಕೊಂಡ ಮಾರ್ಕ್ಸ್ ಕಾರ್ಡ್, ಆಧಾರ್, ಸಿಮ್ ಥರದ್ದಕ್ಕೆ. ಅದರ ಮೇಲೆ ತನಿಖೆ ನಡೆಯುವುದಿಲ್ಲ. "ಕಳೆದುಹೋಗಿದೆ" ಅಂತ ನಮ್ಮ ಕೈಯಾರೆ ಒಮ್ಮೆ ಬರೆದುಕೊಟ್ಟರೆ, ನಾಳೆ ಕಳ್ಳ ಸಿಕ್ಕರೂ ಅವನ ವಕೀಲರು ಅದೇ ಹಾಳೆಯನ್ನು ಕೋರ್ಟಿಗೆ ತೋರಿಸುತ್ತಾರೆ. ಅವ್ವ ಸಹಿ ಹಾಕಲು ಪೆನ್ನು ಹಿಡಿದಿದ್ದರು. ನಾನು ಬಿಡಿಸಿಕೊಂಡೆ.

ಇದೇ ಜಾತಿಯ ಇನ್ನೊಂದು ಕಾಗದ ಪಿಟಿಷನ್ ಸ್ವೀಕೃತಿ, ಅಂದರೆ ಅರ್ಜಿ ಬಂದು ಮುಟ್ಟಿದೆ ಅಂತ ಠಾಣೆ ಕೊಡುವ ಚೀಟಿ. ಸೀಲು ಇರುತ್ತದೆ, ಸಹಿ ಇರುತ್ತದೆ, ಒಂದು ನಂಬರೂ ಇರುತ್ತದೆ. ಜನ ಅದನ್ನೇ ಎಫ್‌ಐಆರ್ ಅಂದುಕೊಂಡು ಪ್ಲಾಸ್ಟಿಕ್ ಹಾಕಿಸಲು ನನ್ನ ಅಂಗಡಿಗೆ ತರುತ್ತಾರೆ. ನಾನು ಒಂದೇ ಮಾತು ಹೇಳುತ್ತೇನೆ: ತಲೆಯ ಮೇಲೆ "ಪ್ರಥಮ ವರ್ತಮಾನ ವರದಿ" ಅಂತ ಇದೆಯಾ, ಒಳಗೆ ಯಾವ ಕಾನೂನಿನ ಯಾವ ಕಲಂ ಅಂತ ಬರೆದಿದೆಯಾ, ಗುನ್ನೆ ನಂಬರ್ ಇದೆಯಾ ನೋಡಿ. ಕಲಂ ಕಾಣದಿದ್ದರೆ ಅದು ಎಫ್‌ಐಆರ್ ಅಲ್ಲ. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ಪಿರ್ಯಾದಿಗೆ ಆಗಲೇ, ಪುಕ್ಕಟೆ ಕೊಡಬೇಕು. "ನಾಳೆ ಬರ್ರಿ, ಕೊಡ್ತೀವಿ" ಎಂದರೆ ಅನುಮಾನ ಪಡಬೇಕು.

ಇನ್ನು ಹದ್ದಿನ ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಮೊದಲ ಸಾಲಲ್ಲೇ ಇದನ್ನು ಮುಗಿಸಿಬಿಟ್ಟಿದೆ. ಪೊಲೀಸರು ತಾವಾಗಿ ತನಿಖೆ ಮಾಡಬಹುದಾದ ಅಪರಾಧ ಎಲ್ಲೇ ನಡೆದಿರಲಿ, ಅದರ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಬಾಯಿಮಾತಲ್ಲಿ ಹೇಳಿದರೆ ಠಾಣೆಯವರೇ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳಬೇಕು. ತಮ್ಮ ಹದ್ದಿನದ್ದಲ್ಲ ಎನಿಸಿದರೆ ತಮ್ಮ ಸರಣಿಯ ಗುನ್ನೆ ನಂಬರ್ ಕೊಡದೆ, ಸೊನ್ನೆ ಹಾಕಿ ದಾಖಲಿಸಿ, ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಆ ಠಾಣೆ ತನ್ನ ನಂಬರ್ ಹಾಕಿ ತನಿಖೆ ಮಾಡುತ್ತದೆ. ಶೂನ್ಯ ಎಫ್‌ಐಆರ್ ಅಂದರೆ ಇಷ್ಟೇ. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಘಟನೆಯ ನಂತರ ನ್ಯಾಯಮೂರ್ತಿ ವರ್ಮಾ ಸಮಿತಿ 2013ರಲ್ಲೇ ಇದನ್ನು ಒತ್ತಿ ಹೇಳಿತ್ತು. ಆಗ ಸುತ್ತೋಲೆಯ ಮೇಲೆ ನಡೆಯುತ್ತಿದ್ದದ್ದು ಈಗ ಕಾನೂನಿನ ಒಳಗೇ ಬಂದಿದೆ. ಠಾಣೆ ಬದಲಾಯಿಸುವುದು ಇಲಾಖೆಯ ಟಪಾಲಿನ ಕೆಲಸ, ಅರವತ್ತೆಂಟು ವರ್ಷದ ಹೆಂಗಸಿನ ಕೆಲಸ ಅಲ್ಲ.

ಬಸ್ಸಿನ ಪ್ರಕರಣದಲ್ಲಂತೂ ಹದ್ದಿನ ಜಗಳಕ್ಕೆ ಜಾಗವೇ ಕಡಿಮೆ. ಅದೇ ಸಂಹಿತೆಯ 203ನೇ ಕಲಂ ನೋಡಿ. ಪ್ರಯಾಣದಲ್ಲಿ ಇದ್ದಾಗ ಅಪರಾಧ ಆದರೆ, ಆ ವ್ಯಕ್ತಿ ಅಥವಾ ವಸ್ತು ಯಾವ ಯಾವ ಕೋರ್ಟಿನ ಹದ್ದನ್ನು ಹಾದು ಹೋಗಿದೆಯೋ ಅವುಗಳಲ್ಲಿ ಯಾವುದಾದರೂ ಕೋರ್ಟ್ ವಿಚಾರಣೆ ಮಾಡಬಹುದು. ಅಂದರೆ ನಾವು ಸುತ್ತಿದ ಮೂರೂ ಠಾಣೆಗಳು ಈ ದೂರನ್ನು ನೇರವಾಗಿ ತಮ್ಮ ನಂಬರಿನಲ್ಲೇ ದಾಖಲಿಸಬಹುದಿತ್ತು. ಬೇಡವಾದರೆ ಸೊನ್ನೆ ಹಾಕಬಹುದಿತ್ತು. ಬರೆದುಕೊಳ್ಳದೇ ಕಳಿಸುವ ದಾರಿಯೊಂದು ಮಾತ್ರ ಕಾನೂನಿನಲ್ಲಿ ಇರಲಿಲ್ಲ, ಮೂವರೂ ಅದನ್ನೇ ಹಿಡಿದರು.

"ಮೊದಲು ವಿಚಾರಣೆ ಮಾಡ್ತೀವಿ, ನಿಜ ಅನ್ನಿಸಿದರೆ ಎಫ್‌ಐಆರ್" ಎಂದೂ ಒಬ್ಬರು ಹೇಳಿದರು. ಈ ಮಾತಿಗೆ ಸ್ವಲ್ಪ ಆಧಾರ ಇದೆ, ಇಲ್ಲವೆನ್ನುವುದಿಲ್ಲ. ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು, ಆದರೆ ಏಳಕ್ಕಿಂತ ಕಡಿಮೆ ವರ್ಷದ ಶಿಕ್ಷೆಯ ಅಪರಾಧಗಳಲ್ಲಿ, ಡಿವೈಎಸ್‌ಪಿ ಅನುಮತಿ ಪಡೆದು, 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮುಗಿಸಲು ಹೊಸ ಸಂಹಿತೆ ಅವಕಾಶ ಕೊಟ್ಟಿದೆ. ಭಾರತೀಯ ನ್ಯಾಯ ಸಂಹಿತೆಯ 303(2)ರ ಸಾದಾ ಕಳ್ಳತನ ಇದರೊಳಗೆ ಬರುತ್ತದೆ, ಅದಕ್ಕೆ ಮೂರು ವರ್ಷದವರೆಗೆ ಶಿಕ್ಷೆ. ಆದರೆ ಪ್ರಯಾಣಿಕರ ವಾಹನದೊಳಗಿಂದ ವಸ್ತು ಕದ್ದರೆ ಅದು 305ನೇ ಕಲಂ. ಶಿಕ್ಷೆ ಏಳು ವರ್ಷದವರೆಗೆ. ಏಳು ವರ್ಷ ಅಂದಮೇಲೆ "ಏಳಕ್ಕಿಂತ ಕಡಿಮೆ" ಎಂಬ ಲೆಕ್ಕದಿಂದ ಹೊರಗೆ. ಬಸ್ಸಿನ ಕಳ್ಳತನಕ್ಕೆ ಈ 14 ದಿನದ ಮಾತು ಅನ್ವಯಿಸುವುದಿಲ್ಲ. ಕೂಡಲೇ ದಾಖಲಿಸಬೇಕು. ಅಪರಾಧ ನಡೆದದ್ದು ಮಾಹಿತಿಯಲ್ಲೇ ಕಾಣುತ್ತಿದ್ದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರ ನವೆಂಬರ್ 12ರಂದೇ ಹೇಳಿದೆ. ಮಾಹಿತಿ ನಿಜವೋ ಸುಳ್ಳೋ ಅನ್ನುವುದು ಬರೆದುಕೊಂಡ ಮೇಲಿನ ಪ್ರಶ್ನೆ.

ಪೊಲೀಸರ ಕಡೆಯ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಕಳುವಾದ ಮಾಲು 5,000 ರೂಪಾಯಿಗಿಂತ ಕಡಿಮೆಯಾದರೆ ಸಾದಾ ಕಳ್ಳತನವನ್ನು ಹೊಸ ಕಾನೂನು ಅಸಂಜ್ಞೇಯ ಎಂದಿದೆ. ಅಲ್ಲಿ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಅದಕ್ಕೆ ಠಾಣೆಯವರ ಮೇಲೆ ಸಿಟ್ಟಾಗಿ ಉಪಯೋಗ ಇಲ್ಲ. ಎರಡೂವರೆ ತೊಲ ಬಂಗಾರಕ್ಕೆ ಈ ಮಾತು ಬರುವುದಿಲ್ಲ, ಬಿಡಿ. "ರಸೀದಿ ಎಲ್ಲೈತಿ" ಎಂದು ಕೇಳಿದ್ದರು. ಮೂವತ್ತು ವರ್ಷದ ಹಿಂದೆ ಪತ್ತಾರರು ಮಾಡಿಕೊಟ್ಟ ಸರಕ್ಕೆ ರಸೀದಿ ಎಲ್ಲಿಂದ ತರೋಣ? ನನ್ನ ಮದುವೆಯ ಫೋಟೋದಲ್ಲಿ ಅವ್ವನ ಕೊರಳಲ್ಲಿ ಅದಿದೆ, ಅದನ್ನೇ ದೊಡ್ಡದು ಮಾಡಿಸಿ ಕೊಟ್ಟೆ. ರಸೀದಿ ತನಿಖೆಗೆ ಬೇಕಾಗಬಹುದು. ದೂರು ಬರೆದುಕೊಳ್ಳಲು ಅದನ್ನು ಕೇಳುವ ಹಾಗಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ, ಓದುವ ಬೇರೆಯವರಿಗೆ ಬೇಕಾಗಬಹುದು. ಎರಡನೇ ದಿನ ರಾತ್ರಿಯೇ ಮೊದಲನೇ ಠಾಣೆಯ ಮೇಲ್ ವಿಳಾಸಕ್ಕೆ ದೂರು ಕಳಿಸಿದೆ. ಮೇಲ್ ಕಳಿಸಿ ಸುಮ್ನೆ ಕೂತರೆ ಆಗುವುದಿಲ್ಲ. ಮೂರು ದಿನದೊಳಗೆ ದೂರುದಾರರು ಹೋಗಿ ಸಹಿ ಹಾಕಿದರೆ ಮಾತ್ರ ಅದು ದಾಖಲೆಗೆ ಬರುತ್ತದೆ. ಅವ್ವನನ್ನು ಕರೆದುಕೊಂಡು ಹೋದೆ. ಸಹಿ ಹಾಕಿಸಿಕೊಳ್ಳಲಿಲ್ಲ. "ಆಯ್ತು, ತಗೊಳ್ಳಲ್ಲ ಅಂತಾದರೂ ಹಿಂಬರಹ ಕೊಡಿ" ಎಂದೆ. ಅದನ್ನೂ ಕೊಡಲಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ ಹೋದೆವು, ಯಾರು ಏನಂದರು ಅನ್ನುವುದನ್ನು ಠಾಣೆಯ ಹೊರಗಿನ ಚಹಾದಂಗಡಿಯಲ್ಲಿ ಕೂತು ಡೈರಿಯಲ್ಲಿ ಬರೆದುಕೊಂಡೆ.

ನಾಲ್ಕನೇ ದಿನ ನಾಗರಿಕ ಸುರಕ್ಷಾ ಸಂಹಿತೆಯ 173(4)ರ ಪ್ರಕಾರ ಮೇಲಧಿಕಾರಿಗೆ ಸ್ಪೀಡ್ ಪೋಸ್ಟ್ ಹಾಕಿದೆ. ನಿರಾಕರಿಸಿದ ಠಾಣೆ ಯಾವ ಜಿಲ್ಲೆಯದೋ ಆ ಜಿಲ್ಲೆಯ ವರಿಷ್ಠಾಧಿಕಾರಿಗೆ ಕಳಿಸಬೇಕು. ಬೆಳಗಾವಿ ನಗರದೊಳಗಿನ ಠಾಣೆಯಾದರೆ ಆಯುಕ್ತರ ಕಚೇರಿಗೆ. ಒಂದೂವರೆ ಪುಟದ ಪತ್ರ. ಬಸ್ಸಿನ ಟಿಕೆಟ್ಟಿನ ನಕಲು (ಶೂನ್ಯ ಟಿಕೆಟ್ಟಿನಲ್ಲೂ ದಿನಾಂಕ, ಹೊತ್ತು, ಎಲ್ಲಿಂದ ಎಲ್ಲಿಗೆ ಎಲ್ಲ ಅಚ್ಚಾಗಿರುತ್ತದೆ, ಬಿಸಾಡಬೇಡಿ), ಸೀಳಿದ ಬ್ಯಾಗಿನ ಫೋಟೋ, ಠಾಣೆಗೆ ಕಳಿಸಿದ ಇ-ಮೇಲ್‌ನ ಪ್ರತಿ ಹಚ್ಚಿದೆ. ಪತ್ರದಲ್ಲಿ ಠಾಣೆಯವರನ್ನು ಬಯ್ಯಲಿಲ್ಲ. ಬಯ್ಗಳ ತುಂಬಿದ ಅರ್ಜಿಯಲ್ಲಿ ಅಪರಾಧ ಯಾವುದು ಅಂತ ಹುಡುಕುವುದೇ ಕಷ್ಟ. ಅಂಥವನ್ನು ನಾನೇ ಬೇಕಾದಷ್ಟು ಟೈಪ್ ಮಾಡಿದ್ದೇನೆ. ಏನು ಕಳುವಾಯಿತು, ಎಲ್ಲಿಂದ ಎಲ್ಲಿಯವರೆಗಿನ ದಾರಿಯಲ್ಲಿ, ಯಾವ ಬಸ್ಸು, ಪಕ್ಕದಲ್ಲಿ ಕೂತವರು ಎಲ್ಲಿ ಇಳಿದರು, ಯಾವ ಠಾಣೆ ಯಾವಾಗ ನಿರಾಕರಿಸಿತು, ಇಷ್ಟೇ ಬರೆದೆ.

ಅಲ್ಲಿಂದಲೂ ಉತ್ತರ ಬರದಿದ್ದರೆ ಮುಂದಿನ ಮೆಟ್ಟಿಲು ಮ್ಯಾಜಿಸ್ಟ್ರೇಟ್ ಕೋರ್ಟ್. ಅದೇ ಸಂಹಿತೆಯ 175(3)ರ ಅರ್ಜಿ, ಜೊತೆಗೆ ಅಫಿಡವಿಟ್. ಎಸ್‌ಪಿಗೆ ಬರೆದ ಪತ್ರದ ಪ್ರತಿ ಮತ್ತು ಪೋಸ್ಟಿನ ರಸೀದಿ ಇಲ್ಲದೆ ಹೋದರೆ ಅಲ್ಲಿ ಅರ್ಜಿ ನಿಲ್ಲುವುದು ಕಷ್ಟ. ಈಗ ಮ್ಯಾಜಿಸ್ಟ್ರೇಟರು ಪೊಲೀಸರ ಹೇಳಿಕೆಯನ್ನೂ ಕೇಳಿಯೇ ಆದೇಶ ಮಾಡುತ್ತಾರೆ, ಹಾಗಾಗಿ ಒಂದೆರಡು ತಾರೀಖು ಹಿಡಿಯುತ್ತದೆ. 223ರ ಖಾಸಗಿ ದೂರು ಹಾಕಿ ಅಂತ ಕೆಲವರು ಸಲಹೆ ಕೊಟ್ಟರು. ಕಳ್ಳ ಯಾರೆಂದೇ ಗೊತ್ತಿಲ್ಲದಾಗ ಆ ದಾರಿಯಿಂದ ಪ್ರಯೋಜನ ಇಲ್ಲ. ಅಲ್ಲಿ ಸಾಕ್ಷಿ ತರುವ ಭಾರ ನಮ್ಮ ಮೇಲೇ ಬೀಳುತ್ತದೆ. ಬಸ್ ನಿಲ್ದಾಣದ ಕ್ಯಾಮೆರಾ ತರಿಸಿ ನೋಡುವ ಅಧಿಕಾರ ಅವ್ವನಿಗೆಲ್ಲಿದೆ?

ನಾನು ಅಫಿಡವಿಟ್ ತಯಾರು ಮಾಡಿ ಇಟ್ಟುಕೊಂಡಿದ್ದೆ. ಅದು ಬೇಕಾಗಲಿಲ್ಲ. ಹದಿಮೂರನೇ ದಿನ ಮೇಲಧಿಕಾರಿಗಳ ಕಚೇರಿಯಿಂದ ಫೋನ್ ಬಂತು. ಹದಿನಾರನೇ ದಿನ, ಮೊದಲು ಕೈ ಚೆಲ್ಲಿದ ಅದೇ ಠಾಣೆಯಲ್ಲಿ, ಅದೇ ರೈಟರ್ ಅವ್ವನ ಹೇಳಿಕೆ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡರು. ಶೂನ್ಯ ಎಫ್‌ಐಆರ್. ನಲವತ್ತು ನಿಮಿಷದ ಕೆಲಸ. ನಲವತ್ತರಲ್ಲಿ ಹತ್ತು ನಿಮಿಷ ಪ್ರಿಂಟರ್ ಕೆಟ್ಟಿದ್ದಕ್ಕೆ ಹೋಯಿತು. ಅದನ್ನು ನಾನೇ ಸರಿ ಮಾಡಿಕೊಟ್ಟೆ.

ಅಷ್ಟರಲ್ಲಿ ಹೋಗಬೇಕಾದದ್ದು ಹೋಗಿತ್ತು. ಒಂದು ನಿಲ್ದಾಣದಲ್ಲಿ ಕೇಳಿದರೆ ಆ ದಿನದ ರೆಕಾರ್ಡಿಂಗ್ ಇಲ್ಲ ಎಂದರು. ಆ ಯಂತ್ರದಲ್ಲಿ ಜಾಗ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರುತ್ತದಂತೆ. ಅವ್ವನ ಪಕ್ಕ ಮುಧೋಳದಲ್ಲಿ ಕೂತು ಲೋಕಾಪುರದಲ್ಲಿ ಇಳಿದ ಇಬ್ಬರು ಹೆಂಗಸರ ಮುಖ ಈಗ ಕಂಡಕ್ಟರಿಗೂ ಸರಿಯಾಗಿ ನೆನಪಿಲ್ಲ. ಮೊದಲ ದಿನ ಅವರು ಸೀರೆಯ ಬಣ್ಣ ಕೂಡ ಹೇಳಿದ್ದರು. ಇನ್ನು ಬಂಗಾರ ಕರಗಿಸಲು ಹದಿನಾರು ದಿನ ಬೇಕಾ, ತಾವೇ ಹೇಳಿ. ಎಫ್‌ಐಆರ್ ವರ್ಗಾವಣೆ ಆಗಿ ಎಂಟು ದಿನವಾದರೂ ಹೊಸ ಠಾಣೆಯ ಗುನ್ನೆ ನಂಬರ್ ಯಾರೂ ಹೇಳಲಿಲ್ಲ. ನಾನೇ ಹೋಗಿ ಕೇಳಿ ಬರೆದುಕೊಂಡು ಬಂದೆ.

ಹಾಗಾಗಿ ತಮ್ಮಲ್ಲಿ ಕೇಳುವುದು ದೊಡ್ಡದೇನಲ್ಲ. ಈ ವಲಯದ ಠಾಣೆಗಳಿಗೆ ಬಸ್ಸು, ರೈಲಿನ ಪ್ರಯಾಣಿಕರ ವಿಷಯದಲ್ಲಿ ಒಂದು ಸ್ಪಷ್ಟ ಸೂಚನೆ ಕೊಡಿಸಿ. ಪ್ರಯಾಣಿಕರು ಮೊದಲು ಯಾವ ಠಾಣೆಯ ಮೆಟ್ಟಿಲು ಹತ್ತುತ್ತಾರೋ ಅದೇ ಠಾಣೆ ಬರೆದುಕೊಳ್ಳಲಿ. ಹದ್ದಿನ ಲೆಕ್ಕವನ್ನು ಠಾಣೆ ಠಾಣೆಗಳು ತಮ್ಮಲ್ಲೇ ಮಾಡಿಕೊಳ್ಳಲಿ. ಯಾವ ಕಾರಣಕ್ಕಾದರೂ ಎಫ್‌ಐಆರ್ ಮಾಡುವುದಿಲ್ಲ ಎಂದರೆ, ಆ ಕಾರಣವನ್ನು ಸ್ಟೇಷನ್ ಡೈರಿಯಲ್ಲಿ ನಮೂದಿಸಿ, ಅದೇ ನಂಬರ್ ಹಾಕಿದ ಹಿಂಬರಹವನ್ನು ದೂರುದಾರರ ಕೈಗೆ ಕೊಡಲಿ. ಬಾಯಿಮಾತಿನಲ್ಲಿ "ಆಗಂಗಿಲ್ಲ" ಎನ್ನುವವರು ಬರೆದುಕೊಡಿ ಎಂದಾಗ ಯೋಚನೆ ಮಾಡುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ. ಕಳ್ಳತನವನ್ನು ಕಳೆದುಹೋದದ್ದು ಎಂದು ಬರೆಸುವುದನ್ನು ನಿಲ್ಲಿಸಿ.

ಇನ್ನೊಂದಿದೆ. ಶೂನ್ಯ ಎಫ್‌ಐಆರ್ ಮಾಡಿದ ಠಾಣೆ ಕಾಗದ ಕಳಿಸಿ ಕೈ ತೊಳೆದುಕೊಳ್ಳಬಾರದು. ಕ್ಯಾಮೆರಾ ರೆಕಾರ್ಡಿಂಗ್ ತೆಗೆದಿಡಿ ಅಂತ ನಿಲ್ದಾಣಕ್ಕೆ ಒಂದು ಪತ್ರ ಕೊಡುವುದು, ಬಸ್ ಸಿಬ್ಬಂದಿಯ ಹೆಸರು, ನಂಬರ್ ಬರೆದಿಡುವುದು, ಸೀಳಿದ ಬ್ಯಾಗಿಗೆ ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಳ್ಳುವುದು, ಇವನ್ನು ಆ ದಿನವೇ ಮಾಡಲಿ. ಇವಕ್ಕೆ ಹದ್ದು ಕಾಯುತ್ತ ಕೂತರೆ ಮುಂದಿನ ಠಾಣೆಗೆ ಬರಿಗೈಯಲ್ಲಿ ಗುನ್ನೆ ಒಪ್ಪಿಸಿದಂತೆ. ವರ್ಗಾವಣೆಯಾದ ದಿನ ಹೊಸ ಠಾಣೆಯ ಹೆಸರು ಮತ್ತು ಗುನ್ನೆ ನಂಬರನ್ನು ದೂರುದಾರರ ಮೊಬೈಲಿಗೆ ಒಂದು ಮೆಸೇಜ್ ಹಾಕಿದರೂ ಸಾಕು. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ತಿಳಿಸಬೇಕು ಎಂದು ಕಾನೂನು ಹೇಳುತ್ತದೆ. ನಮ್ಮ ತೊಂಬತ್ತು ದಿನ ಇನ್ನೂ ತುಂಬಿಲ್ಲ, ಅದಕ್ಕಾಗಿ ಈಗ ತಕರಾರಿಲ್ಲ.

ಈ ಪತ್ರ ಟೈಪ್ ಮಾಡುವಾಗಲೂ ಆ ಬ್ಯಾಗು ನಮ್ಮ ಮನೆಯ ಪಡಸಾಲೆಯ ಗೂಟಕ್ಕೆ ನೇತಾಡುತ್ತಿದೆ. ಇಲ್ಲಿಯವರೆಗೆ ಯಾರೂ ವಶಕ್ಕೆ ತೆಗೆದುಕೊಂಡಿಲ್ಲ. ಊರಿಗೆ ಹೋಗಬೇಕಾದಾಗ ಅವ್ವ ಪಕ್ಕದ ಮನೆಯವರ ಬ್ಯಾಗ್ ಕೇಳಿ ತರುತ್ತಾರೆ. ಇದನ್ನು ಹೊಲಿಸೋಣ ಬಾ ಎಂದರೆ, "ಬ್ಯಾಡಪ್ಪ, ಪೊಲೀಸರು ಬಂದು ನೋಡ್ತಾರ" ಎನ್ನುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಟೈಪಿಂಗ್ ಅಂಗಡಿಯವ
ವಿಜಯಪುರ